ದುಡಿ, ಮಳೆ ಮತ್ತು ಫ್ಯಾನು

ಮಡಿಕೇರಿಯ ಗೆಳೆಯನೊಬ್ಬ, ದುಡಿಕೊಟ್ಟ್ ಪಾಟ್ ರೆಕಾರ್ಡ್ ಮಾಡೋಕೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಕೇಳಿದ. ಮೊದಲು ಫ್ಯಾನ್ ಸದ್ದು ಕೇಳಿಸಿಕೋ ಅಂದೆ. ಮಳೆ ಸದ್ದಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಹಾಡಿನ ಪ್ರತಿ ನಿಲುಗಡೆಯಲ್ಲೂ ಬಂದು ಕೂರುತ್ತೆ.

ಫ್ಯಾನ್ ಜೋರಾಗೋದಕ್ಕೆ ಎಷ್ಟೋ ಸಲ ನಾವಿಡುವ ಬಫರ್ ಕಾರಣ. ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಹಾಡುವವರ ದುಡಿಪೆಟ್ಟು ಎಳೆಯುತ್ತೆ. ಅದಕ್ಕೇ ಬಫರ್ 64 ಸ್ಯಾಂಪಲ್‌ಗೆ ಇಳಿಸ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ ಅದು ಬರೀ 1.3 ಮಿಲಿಸೆಕೆಂಡ್. ಪ್ರೊಸೆಸರ್ ಪ್ರತಿ ಸಲ ಅಷ್ಟರೊಳಗೆ ಲೆಕ್ಕ ಮುಗಿಸಬೇಕು. ತಪ್ಪಿದರೆ ಚಟಚಟ ಸದ್ದು, ತಪ್ಪದಂತೆ ಓಡಿದರೆ ಬಿಸಿ.

ಅದರ ಬದಲು ಆಡಿಯೋ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆರಿಸಬೇಕು. ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತೆ. ಆಮೇಲೆ ಬಫರ್ 512 ಇದ್ದರೂ ಹಾಡುವವರಿಗೆ ಗೊತ್ತಾಗಲ್ಲ. ಸಾಫ್ಟ್‌ವೇರಿನ ರಿವರ್ಬ್ ಮಾತ್ರ ಕಿವಿಗೆ ಸಿಗಲ್ಲ. ಈ ಪಾಟಿಗೆ ಅದು ಬೇಕೂ ಇಲ್ಲ.

ಕೊನೆಗೆ ಅವನು ಫ್ಯಾನೇ ಇಲ್ಲದ, 2020ರ ಎಂ1 ಮ್ಯಾಕ್‌ಬುಕ್ ಏರ್ ಹಿಡಿದ. ಅದಕ್ಕಿರೋದು ಎರಡೇ ಪೋರ್ಟ್. ಒಂದು ಇಂಟರ್‌ಫೇಸಿಗೆ, ಹಬ್ ಇಲ್ಲದೆ ನೇರವಾಗಿ, ಇನ್ನೊಂದು ಡಿಸ್ಕಿಗೆ. ಚಾರ್ಜರ್? ಮಳೆಗಾಲದಲ್ಲಿ ಕರೆಂಟನ್ನು ನಂಬೋರು ಯಾರು, ರೆಕಾರ್ಡಿಂಗ್ ಬ್ಯಾಟರಿಯಲ್ಲೇ. ಮಿಕ್ಸಿಂಗ್‌ನಲ್ಲಿ ಪ್ಲಗಿನ್ ಜಾಸ್ತಿಯಾದರೆ ಅದು ಕಾದು ನಿಧಾನವಾಗುತ್ತೆ. ಆಗ ಕೆಲವು ಟ್ರ್ಯಾಕ್ ಫ್ರೀಜ್ ಮಾಡ್ಕೊಂಡು ಮುಂದುವರಿಸ್ತಾನೆ.