ಬನ್ನಿನ ಕಂದು ಬಣ್ಣ ಮತ್ತು ನಾನು ಮರೆತ ಪ್ರನಾಳ

ಬೋಧನಾಭ್ಯಾಸದ ಎರಡನೇ ವಾರ ನನಗೆ ದ್ವಿತೀಯ ಪಿ.ಯು. ತರಗತಿಯಲ್ಲಿ ‘ಜೈವಿಕ ಅಣುಗಳು’ ಘಟಕ ಸಿಕ್ಕಿತ್ತು. ಸಕ್ಕರೆ, ಅಮೈನೋ ಆಮ್ಲ ಎರಡೂ ಅದೇ ಘಟಕದಲ್ಲಿ ಬರುತ್ತವೆ. ಮಕ್ಕಳಿಗೆ ಹತ್ತಿರವಾದ ಉದಾಹರಣೆಯಿಂದ ಪಾಠ ಶುರು ಮಾಡಬೇಕೆಂದು ಪೀಠಿಕೆಗೆ ಒಂದು ಬೇಕರಿ ಬನ್ ತೆಗೆದುಕೊಂಡು ಹೋಗಿದ್ದೆ. ಮೇಲಿನ ಕಂದು ಪದರ ತೋರಿಸಿ, “ಇದು ಹೇಗೆ ಬಂತು?” ಎಂದು ಕೇಳಿದೆ. ಯಾರೋ “ಸಕ್ಕರೆ ಸುಟ್ಟು” ಎಂದರು. ನಾನು ಖುಷಿಯಿಂದ “ಸರಿ, ಇದಕ್ಕೆ ಕ್ಯಾರಮಲೀಕರಣ ಎನ್ನುತ್ತಾರೆ” ಎಂದು ಹಲಗೆಯ ಮೇಲೆ ಬರೆದೆ.

ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ತಂದೆ ಬೇಕರಿ ನಡೆಸುತ್ತಾರೆ. “ಮೇಡಂ, ನಮ್ಮಪ್ಪ ಬನ್ ಮೇಲೆ ಹಾಲು ಹಚ್ಚಿ ಒಲೆಗಿಡ್ತಾರೆ. ಸಕ್ಕರೆ ಹಚ್ಚಲ್ಲ. ಹಾಲು ಹಚ್ಚದೇ ಇದ್ರೆ ಅಷ್ಟು ಬಣ್ಣ ಬರಲ್ಲ. ಹಾಲಲ್ಲಿ ಏನು ಸುಡುತ್ತೆ?”

ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಮುಂದಿನ ಹಂತಕ್ಕೆ ಹೋದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ವಿಷಯಜ್ಞಾನದ ದೋಷ. ಹಲಗೆಯ ಮೇಲಿರುವ ಪದ ತಪ್ಪು.”

ಅಂದು ರಾತ್ರಿ ಓದಿದಾಗ ತಪ್ಪು ಎಲ್ಲಿದೆ ಎಂದು ತಿಳಿಯಿತು. ಕ್ಯಾರಮಲೀಕರಣದಲ್ಲಿ ಸಕ್ಕರೆಯೊಂದೇ ಸಾಕು. ಒಣ ಸಕ್ಕರೆಯನ್ನು ಬಾಣಲೆಯಲ್ಲಿ ಕಾಯಿಸಿದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಅಣುಗಳು ನೀರು ಕಳೆದುಕೊಂಡು, ಒಡೆದು, ಮತ್ತೆ ಒಂದಕ್ಕೊಂದು ಬೆಸೆದುಕೊಂಡು ಕಂದಾಗುತ್ತವೆ. ಇಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಬಿಟ್ಟರೆ ಬೇರೆ ಧಾತು ಇಲ್ಲ. ಬನ್ನಿನ ಮೇಲೆ ನಡೆಯುವುದು ಹೆಚ್ಚಾಗಿ ಬೇರೆಯೇ ಕ್ರಿಯೆ. ಅಲ್ಲಿ ಸಕ್ಕರೆಯ ಜೊತೆಗೆ ಅಮೈನೋ ಗುಂಪು ಬೇಕು, ಅಂದರೆ ಸಾರಜನಕ ಬೇಕು. ಫ್ರಾನ್ಸಿನ ಲೂಯಿ ಕಮೀ ಮಯಾರ್ 1912ರಲ್ಲಿ ಇದನ್ನು ವರದಿ ಮಾಡಿದ್ದರಿಂದ ಅವರ ಹೆಸರಿನಲ್ಲೇ ಮಯಾರ್ ಕ್ರಿಯೆ ಎಂದು ಕರೆಯುತ್ತಾರೆ.

ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಒಂದು ತಪ್ಪು ಪದದ ಜಾಗಕ್ಕೆ ಒಂದು ಸರಿ ಪದ ಬರುತ್ತದೆ, ಅಷ್ಟೆ. ಎರಡೂ ಕ್ರಿಯೆಗಳನ್ನು ಬೇರೆ ಮಾಡಿ ತೋರಿಸುವ ಪ್ರಯೋಗ ಬೇಕಿತ್ತು. ಅದಕ್ಕೆ ದಾರಿ ತಾಪಮಾನದಲ್ಲೇ ಇತ್ತು. ಕುದಿಯುವ ನೀರಿನ ಪಾತ್ರೆಯಲ್ಲಿ ಪ್ರನಾಳ ನಿಲ್ಲಿಸಿದರೆ ಅದು 100 ಡಿಗ್ರಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಅಲ್ಲಿ ಸಾಮಾನ್ಯ ಸಕ್ಕರೆ ಕ್ಯಾರಮಲ್ ಆಗುವುದಿಲ್ಲ. ಆದರೂ ಕಂದು ಬಣ್ಣ ಬಂದರೆ ಕಾರಣ ಬೇರೆ ಇರಲೇಬೇಕು.

ಮರುದಿನ ನಾಲ್ಕು ಪ್ರನಾಳ ಜೋಡಿಸಿದೆ. ಪ್ರತಿಯೊಂದರಲ್ಲೂ 5 ಮಿಲಿಲೀಟರ್ ನೀರು. ಮೊದಲನೆಯದಕ್ಕೆ ಔಷಧಿ ಅಂಗಡಿಯ ಗ್ಲೂಕೋಸ್ ಪುಡಿ 1 ಗ್ರಾಂ. ಎರಡನೆಯದಕ್ಕೆ ಪ್ರಯೋಗಾಲಯದ ಗ್ಲೈಸೀನ್ ಅರ್ಧ ಗ್ರಾಂ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡರ ಜೊತೆ ಕಾಲು ಗ್ರಾಂ ಅಡುಗೆ ಸೋಡಾ. ಪಕ್ಕದ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಒಣ ಸಕ್ಕರೆ. ನಾಲ್ಕನೇ ಪ್ರನಾಳ ಬಿಸಿಯಾಗುತ್ತಿದ್ದಂತೆ ನೊರೆಯೆದ್ದು ಸ್ವಲ್ಪ ಹೊರಗೆ ಚೆಲ್ಲಿತು. ಸೋಡಾದಿಂದ ಹೊರಟ ಕಾರ್ಬನ್ ಡೈಆಕ್ಸೈಡ್. ಈ ಪ್ರಯೋಗ ಮಾಡುವವರು ದೊಡ್ಡ ಪ್ರನಾಳ ತೆಗೆದುಕೊಳ್ಳಿ, ಬಾಯಿಗೆ ಬಿರಡೆ ಹಾಕಬೇಡಿ.

ಇಪ್ಪತ್ತು ನಿಮಿಷದ ನಂತರ ಮೊದಲ ಎರಡು ಪ್ರನಾಳಗಳು ನೀರಿನಂತೆಯೇ ಇದ್ದವು. ಮೂರನೆಯದು ಹಿಂದೆ ಬಿಳಿ ಹಾಳೆ ಹಿಡಿದರೆ ಮಾತ್ರ ಕಾಣುವಷ್ಟು ಹಳದಿ. ನಾಲ್ಕನೆಯದು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತರಗತಿಯಲ್ಲಿ ಚಪ್ಪಾಳೆ ಬಂತು. ನಾನು “ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿದ್ದರಿಂದಲೇ ಈ ಕಂದು ಬಣ್ಣ, ಸೋಡಾ ಅದನ್ನು ಬೇಗ ಮಾಡಿಸಿತು” ಎಂದು ತೀರ್ಮಾನ ಬರೆಸಿದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮೇಡಂ, ಗ್ಲೂಕೋಸಿಗೆ ಬರೀ ಸೋಡಾ ಹಾಕಿದ್ರೆ ಏನಾಗುತ್ತೆ?”

ಆ ಪ್ರನಾಳವನ್ನು ನಾನು ಇಟ್ಟಿರಲಿಲ್ಲ. ನಾಲ್ಕನೆಯದರಲ್ಲಿ ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿ, ಶ್ರೇಯಸ್ಸನ್ನೆಲ್ಲ ಒಂದಕ್ಕೆ ಕೊಟ್ಟಿದ್ದೆ. ಮಾರ್ಗದರ್ಶಕರ ಮುಖ ನೋಡುವ ಧೈರ್ಯವಾಗಲಿಲ್ಲ. ಈ ಸಲ “ನಾಳೆ ಹೇಳುತ್ತೇನೆ” ಎನ್ನಲಿಲ್ಲ. “ನಾಳೆ ನೀನೇ ಮಾಡು” ಎಂದೆ.

ಮೂರನೇ ದಿನ ಇನ್ನೆರಡು ಪ್ರನಾಳ ಸೇರಿದವು. ಐದನೆಯದರಲ್ಲಿ ಗ್ಲೂಕೋಸ್ ಮತ್ತು ಸೋಡಾ ಮಾತ್ರ. ಆರನೆಯದರಲ್ಲಿ ಗ್ಲೂಕೋಸಿನ ಬದಲು ಮನೆಯ ಸಕ್ಕರೆ, ಜೊತೆಗೆ ಗ್ಲೈಸೀನ್, ಸೋಡಾ. ಹೋಲಿಕೆಗೆ ನಾಲ್ಕನೆಯದನ್ನೂ ಹೊಸದಾಗಿ ಮಾಡಿಸಿದೆ. ಐದನೆಯದು ಹಳದಿಗೆ ತಿರುಗಿತು. ಹುಡುಗನ ಅನುಮಾನ ಸರಿಯಾಗಿತ್ತು: ಕ್ಷಾರದಲ್ಲಿ ಕಾಯಿಸಿದರೆ ಗ್ಲೂಕೋಸ್ ತಾನಾಗಿಯೂ ಒಡೆದು ಬಣ್ಣ ಕೊಡುತ್ತದೆ. ಆದರೆ ನಾಲ್ಕನೆಯದರ ಪಕ್ಕದಲ್ಲಿ ಅದು ತೀರ ತೆಳುವಾಗಿತ್ತು. ಆ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಗ್ಲೈಸೀನಿನ ಲೆಕ್ಕಕ್ಕೆ ಹಾಕಬಹುದು ಎಂದು ಮಕ್ಕಳೇ ಹೇಳಿದರು. ನನ್ನ ಹಿಂದಿನ ದಿನದ ತೀರ್ಮಾನದಲ್ಲಿದ್ದ ‘ಸೇರಿದ್ದರಿಂದಲೇ’ ಎಂಬ ಮಾತನ್ನು ಹೊಡೆದುಹಾಕಿಸಿ, ‘ಹೆಚ್ಚಾಗಿ ಸೇರಿದ್ದರಿಂದ’ ಎಂದು ತಿದ್ದಿಸಿದೆ. ಆರನೆಯದು ಬಣ್ಣವಿಲ್ಲದೆ ನಿಂತಿತ್ತು.

ಈಗ ಕಾರಣ ವಿವರಿಸುವುದು ಸುಲಭವಾಯಿತು, ಏಕೆಂದರೆ ಪ್ರತಿ ಪ್ರನಾಳವೂ ಅವರು ಆಗಲೇ ಓದಿದ್ದ ಒಂದು ಸಂಗತಿಯನ್ನು ಕೇಳುತ್ತಿತ್ತು. ಗ್ಲೂಕೋಸ್ ಅಪಕರ್ಷಕ ಸಕ್ಕರೆ. ಅದರ ಉಂಗುರ ತೆರೆದಾಗ ತುದಿಯಲ್ಲಿ ಆಲ್ಡಿಹೈಡ್ ಗುಂಪು ಸಿಗುತ್ತದೆ. ಅಮೈನೋ ಆಮ್ಲದ ಸಾರಜನಕ ತನ್ನ ಒಂಟಿ ಜೋಡಿ ಎಲೆಕ್ಟ್ರಾನುಗಳಿಂದ ಆ ಇಂಗಾಲವನ್ನು ಹಿಡಿಯುತ್ತದೆ, ಒಂದು ನೀರಿನ ಅಣು ಹೊರಬೀಳುತ್ತದೆ. ಹೀಗೆ ಕೂಡಿದ ಅಣು ಒಳಗೊಳಗೇ ಮರುಜೋಡಣೆಗೊಂಡು ಮುಂದೆ ಚೂರುಗಳಾಗಿ ಒಡೆಯುತ್ತದೆ. ಕೆಲವು ಚೂರುಗಳು ಹಾರಿಹೋಗಿ ಬೇಕರಿಯ ಪರಿಮಳವಾಗುತ್ತವೆ. ಉಳಿದವು ಅಮೈನೋ ಗುಂಪುಗಳ ಜೊತೆ ಮತ್ತೆ ಬೆಸೆದುಕೊಂಡು, ಸಾರಜನಕವಿರುವ ದೊಡ್ಡ ಕಂದು ಅಣುಗಳಾಗುತ್ತವೆ, ಅವೇ ಮೆಲನಾಯ್ಡಿನ್‌ಗಳು. ಮನೆಯ ಸಕ್ಕರೆಯಾದ ಸುಕ್ರೋಸಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡರ ತುದಿಗಳೂ ಒಂದಕ್ಕೊಂದು ಕಟ್ಟಿಕೊಂಡಿವೆ, ಉಂಗುರ ತೆರೆಯುವಂತಿಲ್ಲ. ಹಾಗಾಗಿ ಆರನೇ ಪ್ರನಾಳ ಸುಮ್ಮನಿತ್ತು.

ಸೋಡಾ ಏಕೆ ಬೇಕಾಯಿತು? ಗ್ಲೈಸೀನ್ ನೀರಿನಲ್ಲಿ ಜ್ವಿಟ್ಟರ್ ಅಯಾನಾಗಿರುತ್ತದೆ ಎಂದು ಅವರ ಪುಸ್ತಕದಲ್ಲೇ ಇದೆ. ಅಂದರೆ ಅದರ ಸಾರಜನಕ NH₃⁺ ರೂಪದಲ್ಲಿದೆ, ಹಿಡಿಯಲು ಒಂಟಿ ಜೋಡಿ ಬಿಡುವಾಗಿಲ್ಲ. ಕ್ಷಾರ ಹಾಕಿದರೆ ಒಂದಷ್ಟು NH₂ ರೂಪಕ್ಕೆ ಬರುತ್ತದೆ, ಕ್ರಿಯೆ ಓಡುತ್ತದೆ. ಪರೀಕ್ಷೆಗಷ್ಟೇ ಕಂಠಪಾಠವಾಗಿದ್ದ ಜ್ವಿಟ್ಟರ್ ಅಯಾನ್ ಆ ದಿನ ಮೂರನೇ ಮತ್ತು ನಾಲ್ಕನೇ ಪ್ರನಾಳಗಳ ನಡುವಿನ ವ್ಯತ್ಯಾಸವಾಗಿ ಕಂಡಿತು.

ಬೇಕರಿಯ ಹುಡುಗಿಗೆ ಈಗ ಉತ್ತರ ಸಿಕ್ಕಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಅಪಕರ್ಷಕ ಸಕ್ಕರೆ. ಹಾಲಿನ ಪ್ರೋಟೀನಿನಲ್ಲಿ ಲೈಸೀನ್ ಇದೆ, ಅದರ ಪಕ್ಕದ ಸರಪಳಿಯ ತುದಿಯಲ್ಲಿ ಅಮೈನೋ ಗುಂಪು ಬಿಡುವಾಗಿದೆ. ಹಾಲು ಹಚ್ಚುವುದೆಂದರೆ ಕ್ರಿಯೆಗೆ ಬೇಕಾದ ಎರಡನ್ನೂ ಒಟ್ಟಿಗೆ ಹಚ್ಚಿದಂತೆ. ಆದರೆ ಅವಳು ಬಿಡಲಿಲ್ಲ. “ಹಿಟ್ಟಿಗೆ ಸಕ್ಕರೆ ಹಾಕ್ತಾರಲ್ಲ ಮೇಡಂ, ಆರನೇ ಪ್ರನಾಳದ ಥರ ಅದು ಸುಮ್ಮನಿರಬೇಕಲ್ವಾ?”

ಅದಕ್ಕೆ ನಾನು ಓದಿಕೊಂಡು ಹೋಗಿದ್ದೆ. ಬನ್ನಿನ ಹಿಟ್ಟಿನಲ್ಲಿ ಯೀಸ್ಟ್ ಇದೆ. ಅದರ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸುಗಳಾಗಿ ಬಿಡಿಸುತ್ತದೆ. ಯೀಸ್ಟ್ ತಿಂದು ಉಳಿದದ್ದು ಬಣ್ಣಕ್ಕೆ ಒದಗುತ್ತದೆ. ಆಗ ಅವಳೇ ಹೇಳಿದಳು: “ಅದಕ್ಕೇ ಇರಬೇಕು, ಹಿಟ್ಟು ಜಾಸ್ತಿ ಹೊತ್ತು ಹುಳಿ ಬಂದ್ರೆ ಬನ್ ಬಿಳಿಚ್ಕೊಳ್ಳುತ್ತೆ, ಎಷ್ಟು ಹೊತ್ತು ಒಲೇಲಿಟ್ರೂ ಅಷ್ಟೆ ಅಂತ ಅಪ್ಪ ಬೈತಿರ್ತಾರೆ.” ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಬಣ್ಣಕ್ಕೆ ಉಳಿಯುವುದೇನು? ಈ ಉದಾಹರಣೆ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಬನ್ನಿನ ಒಳಗೂ ಇದೇ ಹಿಟ್ಟಿದೆ, ಅದೇಕೆ ಬಿಳಿ ಎಂದು ನಾನು ಕೇಳಿದೆ. ಒಳಗೆ ನೀರಿರುವವರೆಗೆ ತಾಪ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಸೋಡಾದಂಥ ಕ್ಷಾರವೂ ಅಲ್ಲಿಲ್ಲ; ಮೂರನೇ ಪ್ರನಾಳದ ಸ್ಥಿತಿ ಅದು. ಮೇಲ್ಮೈ ಮೊದಲು ಒಣಗುತ್ತದೆ, ಒಣಗಿದ ಮೇಲೆ ಅದರ ತಾಪ ಏರುತ್ತದೆ, ಕ್ರಿಯೆಯೂ ವೇಗ ಪಡೆಯುತ್ತದೆ. ತಾಪ ಇನ್ನೂ ಏರಿದರೆ ಅಲ್ಲೇ ಕ್ಯಾರಮಲೀಕರಣವೂ ಸೇರಿಕೊಳ್ಳಬಹುದು. ಆದ್ದರಿಂದ ‘ಇದು ಮಯಾರ್, ಅದು ಕ್ಯಾರಮಲ್’ ಎಂದು ಬಣ್ಣ ನೋಡಿ ಹೇಳುವಂತಿಲ್ಲ. ಸಾರಜನಕದ ಮೂಲ ಇದೆಯೇ, ಸಕ್ಕರೆ ಅಪಕರ್ಷಕವೇ, ತಾಪ ಎಷ್ಟು ಎಂಬ ಮೂರು ಪ್ರಶ್ನೆ ಕೇಳಿಯೇ ಹೇಳಬೇಕು.

ಮೌಲ್ಯಮಾಪನಕ್ಕೆ ಕರಿದ ತಿಂಡಿಯ ಪ್ರಶ್ನೆ ಕೊಟ್ಟೆ: “ಒಂದೇ ಗುಡ್ಡೆಯ ಆಲೂಗಡ್ಡೆಯಲ್ಲಿ ಕೆಲವನ್ನು ಮೂರು ವಾರ ಫ್ರಿಜ್ಜಿನಲ್ಲಿಟ್ಟು, ಉಳಿದವನ್ನು ಹೊರಗಿಟ್ಟು, ಒಂದೇ ಎಣ್ಣೆಯಲ್ಲಿ ಚಿಪ್ಸ್ ಕರಿದರೆ ಫ್ರಿಜ್ಜಿನವು ಬೇಗ ಕಪ್ಪಗಾಗುತ್ತವೆ. ಫ್ರಿಜ್ಜಿನಲ್ಲಿ ಆಲೂಗಡ್ಡೆಯೊಳಗೆ ಏನಾಗಿರಬೇಕು?” ತಣ್ಣಗಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅಮೈನೋ ಆಮ್ಲಗಳು ಮೊದಲಿನಿಂದಲೇ ಇವೆ. ‘ಅಪಕರ್ಷಕ ಸಕ್ಕರೆ ಹೆಚ್ಚಾಗಿದೆ’ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದರು. ಕೆಲವರು ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೆ ಹೋಲಿಸಿದ್ದರು. ಅದು ಬಿಸಿಯೇ ಬೇಡದ, ಕಿಣ್ವ ಮತ್ತು ಗಾಳಿಯ ಕೆಲಸ ಎಂದು ಬೇರೆ ಮಾಡಿ ಹೇಳಬೇಕಾಯಿತು. ಆ ಚಿಪ್ಸನ್ನು ಕಪ್ಪಾಗುವವರೆಗೆ ಏಕೆ ಕರಿಯಬಾರದು ಎಂಬುದನ್ನೂ ಹೇಳಿದೆ. ಆಲೂಗಡ್ಡೆಯ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಇದೇ ದಾರಿಯಲ್ಲಿ ಅಕ್ರಿಲಮೈಡ್ ಕೊಡುತ್ತದೆ. ಆಹಾರದಲ್ಲಿ ಅದು ಇರುವುದು ಬೆಳಕಿಗೆ ಬಂದದ್ದು 2002ರಲ್ಲಿ, ಸ್ವೀಡನ್ನಿನಲ್ಲಿ. ಹೊನ್ನಿನ ಬಣ್ಣಕ್ಕೇ ಬಾಣಲೆಯಿಂದ ತೆಗೆದರೆ ಅದು ಕಡಿಮೆ.

ಕೊನೆಯ ದಿನ ವೀಕ್ಷಣಾ ಪುಸ್ತಕ ಕೈಗೆ ಬಂದಾಗ ಮೂರನೇ ಪಾಠದ ಎದುರು ಹೀಗಿತ್ತು: “ಐದನೇ ಪ್ರನಾಳ ವಿದ್ಯಾರ್ಥಿಯದು. ಮುಂದಿನ ಸಲ ಅದು ಪಾಠ ಯೋಜನೆಯಲ್ಲೇ ಇರಲಿ.” ನನ್ನ ಪಾಠ ಯೋಜನೆಯ ಪ್ರತಿಯಲ್ಲಿ ಈಗ ಆರು ಪ್ರನಾಳಗಳ ಕೋಷ್ಟಕವಿದೆ. ಐದನೆಯದರ ಮುಂದೆ ‘ಗ್ಲೂಕೋಸ್ + ಸೋಡಾ: ಬಿಡಬೇಡ’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.