ಬ್ಯಾಡ ಅನ್ನೂ ಪತ್ರ

ನಮ್ಮ ನೆಗೆಣ್ಣಿ ಮಗಳಿಗೆ ಇಲ್ಲೇ ಧಾರವಾಡದಾಗ ಒಂದು ಖಾಸಗಿ ಸಾಲಿಯಿಂದ ಗಣಿತದ ಟೀಚರ್ ಕೆಲಸದ ಆರ್ಡರ್ ಬಂತು. ಮನಿಯಿಂದ ನಡಕೊಂಡು ಹೋಗೂವಷ್ಟು ದೂರ. ಬಿ.ಎಡ್. ಮುಗಿಸಿ ಮೂರು ವರ್ಷ ಅಂಥಾದ್ದಕ್ಕ ಕಾದಿದ್ಳು ಪಾಪ. ಆದ್ರ ಅದೇ ವಾರ ಆಕಿ ಮಾವನವರಿಗೆ ಲಕ್ವಾ ಹೊಡೀತು. ಹಗಲ್ಹೊತ್ತು ಮನ್ಯಾಗ ಒಬ್ಬರು ಇರಲೇಬೇಕು.

ಮೇ 20ರೊಳಗ ಒಪ್ಪಿಗಿ ತಿಳಸ್ರಿ ಅಂತ ಆರ್ಡರಿನಾಗ ಇತ್ತು. "ಸುಮ್ಮನಿರು, ಹೋಗದಿದ್ರ ಅವರ ತಿಳ್ಕೋತಾರ" ಅಂದ್ಳು ನಮ್ಮ ನೆಗೆಣ್ಣಿ. ಹಂಗ ಸುಮ್ಮನ ಕೂತ್ರ ಸಾಲಿಯವರು ಜೂನ್ ತನಕಾ ದಾರಿ ನೋಡ್ತಾರ, ಅಷ್ಟರಾಗ ಅವರ ಯಾದಿಯೊಳಗಿನ ಎರಡನೇದಾಕಿ ಬ್ಯಾರೆ ಕಡೆ ಸೇರಿರ್ತಾಳ. ಆಮ್ಯಾಲೆ ಇಕಿ ಹೆಸರು ಕೇಳಿದ್ರ ಸಾಕು, ಸಿಟ್ಟು.

ಹುಡುಗಿ ಒಂದು ಪುಟ ಬರಕೊಂಡು ಬಂದ್ಳು. ದವಾಖಾನಿ, ಡಾಕ್ಟರ್ ಹೇಳಿದ್ದು, ಎಲ್ಲಾ ಅದರಾಗ ಇತ್ತು. ಕಡೀಕೆ "ಆದಷ್ಟು ಪ್ರಯತ್ನಿಸುತ್ತೇನೆ" ಅಂತ. "ಅಲ್ಲವಾ, ಇದನ್ನ ಓದಿದವರಿಗೆ ನೀ ಬರ್ತೀಯೋ ಇಲ್ಲೋ ಹೆಂಗ ತಿಳೀಬೇಕು?" ಅಂದೆ. ಇಬ್ರೂ ಕೂತು ಇಷ್ಟಕ್ಕ ಇಳಿಸಿದ್ವಿ:

"ವಿಷಯ: ಗಣಿತ ಶಿಕ್ಷಕಿ ಹುದ್ದೆಯನ್ನು ಸ್ವೀಕರಿಸಲಾಗದಿರುವ ಬಗ್ಗೆ.
ಉಲ್ಲೇಖ: ತಮ್ಮ ಮೇ 12ರ ನೇಮಕಾತಿ ಪತ್ರ.
ಮಾನ್ಯರೇ,
ನನ್ನನ್ನು ಆಯ್ಕೆ ಮಾಡಿದ್ದಕ್ಕೆ ಕೃತಜ್ಞತೆಗಳು. ಮನೆಯಲ್ಲಿ ಹಿರಿಯರ ಆರೈಕೆಯ ಹೊಣೆ ಬಂದಿರುವುದರಿಂದ ಈ ಹುದ್ದೆಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ಬೇರೆ ಅಭ್ಯರ್ಥಿಯನ್ನು ಪರಿಗಣಿಸಬೇಕು. ಮುಂದಿನ ಶೈಕ್ಷಣಿಕ ವರ್ಷದಿಂದ ನಾನು ಪೂರ್ಣಾವಧಿ ಕೆಲಸ ಮಾಡಬಲ್ಲೆ. ಆಗ ಗಣಿತ ಅಥವಾ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಮತ್ತೆ ಅರ್ಜಿ ಸಲ್ಲಿಸಲು ಇಚ್ಛಿಸುತ್ತೇನೆ. ತಮ್ಮಲ್ಲಿರುವ ನನ್ನ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಲು ಕೋರುತ್ತೇನೆ.
ತಮ್ಮ ವಿಶ್ವಾಸಿ,"

"ಬೇರೆ ಅಭ್ಯರ್ಥಿಯನ್ನು" ಅನ್ನೂ ಸಾಲು ಬರಿಯೂಮುಂದ ಆಕಿ ಕಣ್ಣಾಗ ನೀರು ಬಂತು. ತೆಗೀಲೇನು ದೊಡ್ಡವ್ವಾ ಅಂದ್ಳು. ತೆಗೀಬ್ಯಾಡ ಅಂದೆ. ಆ ಸಾಲು ಇದ್ರನ ಅವರು ಇವತ್ತ ಇನ್ನೊಬ್ಬಾಕಿಗೆ ಫೋನ್ ಮಾಡ್ತಾರ. ನನ್ನ ಜಾಗಾ ಹಿಡದಿಡ್ರಿ ಅಂತ ಕೇಳೂದು, ಮುಂದ ಕೆಲಸ ಕೇಳೂದು, ಎರಡೂ ಒಂದಲ್ಲ.

ಮುಂದಿನ ವರ್ಷ ಅಂತ ಬರಿಯೂಕಿಂತ ಮೊದಲ ಗಂಡನ್ನ, ಅತ್ತೀನ ಕೇಳು ಅಂದಿದ್ದೆ. ಅಷ್ಟೊತ್ತಿಗೆ ಆಳು ಇಡೂಣು ಅಂತ ಅವರು ಒಪ್ಪಿದ ಮ್ಯಾಲೇನ ಆ ಮಾತು ಹಾಕಿದ್ದು. ಬರೇ "ಮುಂದೆ ಅವಕಾಶವಿದ್ದರೆ ನೆನೆಯಿರಿ" ಅಂತ ಎಲ್ಲಾರೂ ಬರೀತಾರ. ಯಾವಾಗ, ಏನು ಕಲಸ್ತಾಳ ಅನ್ನೂದು ಇದ್ರ ಹೆಡ್‌ಮೇಡಂಗೆ ಫೈಲಿನಾಗ ಇಡಾಕ ಒಂದು ಕಾರಣ ಸಿಗತದ.

ಮೊದಲ ಫೋನ್ ಮಾಡಿ ಹೇಳಿದ್ಳು. ಆಮ್ಯಾಲೆ 15ನೇ ತಾರೀಖಿಗೆ ತಾನ ಹೋಗಿ ಪತ್ರ ಕೊಟ್ಟು, ಇನ್ನೊಂದು ಪ್ರತಿ ಮ್ಯಾಲೆ ಮುಟ್ಟಿದ್ದಕ್ಕ ಸಹಿ, ಶಿಕ್ಕಾ ಹಾಕಿಸಿಕೊಂಡ್ಳು. ಅಂಕಪಟ್ಟಿ ಅಲ್ಲೇ ಕೈಗೆ ಕೊಟ್ರಂತ. ಅವರ ಕರೀತಾರ ಅಂತ ಕೂಡೂದಲ್ಲ, ಫೆಬ್ರವರಿ ಬಂತಂದ್ರ ಆಕೀನ ಅರ್ಜಿ ಹಾಕಬೇಕು. ಶಿಕ್ಕಾ ಇದ್ದ ಆ ಪ್ರತಿಯ ಝೆರಾಕ್ಸ್ ಅದಕ್ಕ ಜೋಡಸು ಅಂತ ಹೇಳಿ ಇಟ್ಟೀನಿ.