ಒಂದು ಕ್ವಿಂಟಾಲ್ ಅಂದರೆ ಯಾವುದು?

ಭಾವನ ಫೋನು ಬಂದಾಗ ಮಿಷಿಗನ್ನಿನಲ್ಲಿ ಬೆಳಗಿನ ಏಳು ಗಂಟೆ, ಸಾಗರದಲ್ಲಿ ಸಂಜೆ ನಾಲ್ಕೂವರೆ. ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು.

"ಮಷೀನು ರೆಡಿ ಆಯ್ತು ಮಾರಾಯ. ಕೊನೆಕೊಯ್ಲು ಶುರುವಾಗೋ ಮೊದಲು ಪೇಪರಿನಲ್ಲಿ ಬರಬೇಕು. ಒಂದು ಪ್ರೆಸ್ ನೋಟ್ ಬರೆದುಕೊಡು. ನೀನು ಅಲ್ಲಿ ಮಾಡೋದು ಅದೇ ಕೆಲಸ ಅಲ್ವಾ?"

ನಾನು ಮಾಡುವುದು ಪೂರ್ತಿ ಅದೇ ಕೆಲಸವಲ್ಲ. ಸೇಬು ವಿಂಗಡಿಸುವ ಯಂತ್ರ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಬಳಕೆದಾರರ ಕೈಪಿಡಿ ಬರೆಯುತ್ತೇನೆ. ಹೊಸ ಮಾಡೆಲ್ ಬಂದಾಗ ಊರಿನ ವಾರಪತ್ರಿಕೆಗೆ ಒಂದು ಪುಟದ ಪ್ರಕಟಣೆ ಕಳಿಸುವುದೂ ನನ್ನ ಪಾಲಿಗೆ ಬಿದ್ದಿದೆ. ಭಾವನಿಗೆ ಅಷ್ಟೇ ಸಾಕಾಗಿತ್ತು. ಅಕ್ಕನ ಮನೆಯ ಕೆಲಸಕ್ಕೆ ಇಲ್ಲವೆನ್ನುವ ಧೈರ್ಯವೂ ನನಗಿರಲಿಲ್ಲ.

ಭಾವ ಮಾಡಿದ್ದು ಹಸಿ ಅಡಿಕೆ ಸುಲಿಯುವ ಚಿಕ್ಕ ಯಂತ್ರ. ಮಲೆನಾಡಿನಲ್ಲಿ ಸುಲಿಯುವ ಯಂತ್ರಗಳು ಹೊಸತೇನಲ್ಲ. ಆದರೆ ದೊಡ್ಡವಕ್ಕೆ ತ್ರೀ ಫೇಸ್ ಕರೆಂಟು ಬೇಕು, ಅದು ಹಳ್ಳಿಗೆ ಬರುವುದು ದಿನದಲ್ಲಿ ಕೆಲವೇ ಗಂಟೆ. ಒಂದೆರಡು ಎಕರೆ ತೋಟದವರು ಒಂದೋ ಬಾಡಿಗೆ ಯಂತ್ರಕ್ಕೆ ಸರದಿ ಕಾಯಬೇಕು, ಇಲ್ಲವೇ ಮೆಟ್ಟುಗತ್ತಿ ಹಿಡಿದು ರಾತ್ರಿಯೆಲ್ಲ ಕೂರುವವರನ್ನು ಹುಡುಕಬೇಕು. ಕೊನೆ ಇಳಿಸಿದ ಮೇಲೆ ಅಡಿಕೆ ಕಾಯುವುದಿಲ್ಲ. ಎರಡು ಮೂರು ದಿನದೊಳಗೆ ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿದರೆ ಕೆಂಪಡಿಕೆಗೆ ಬಣ್ಣ ಬರುತ್ತದೆ. ಭಾವನ ಯಂತ್ರಕ್ಕೆ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಸಾಕು, ಮನೆಯ ಕರೆಂಟಿನಲ್ಲೇ ಓಡುತ್ತದೆ. ಅದರಲ್ಲಿ ಹೊಸತು ಅಂದರೆ ಅಷ್ಟೇ, ಆದರೆ ಆ ಚಿಕ್ಕ ತೋಟದವರಿಗೆ ಅದು ಸಣ್ಣ ವಿಷಯವಲ್ಲ.

ನಾನು ಇಲ್ಲಿಯ ಅಭ್ಯಾಸದಂತೆ ಬರೆದೆ. ಮೇಲೆ "ತಕ್ಷಣ ಪ್ರಕಟಣೆಗೆ", ಕೆಳಗೆ ಸಂಸ್ಥೆಯ ಪರಿಚಯ, ಕೊನೆಯಲ್ಲಿ ಮುಗಿಯಿತು ಎನ್ನಲು ಮೂರು ಹ್ಯಾಷ್ ಗುರುತು. ಮೊದಲ ವಾಕ್ಯ ಹೀಗಿತ್ತು: "ಸಣ್ಣ ಯಂತ್ರೋಪಕರಣಗಳ ತಯಾರಿಕೆಯಲ್ಲಿ ಇಪ್ಪತ್ತು ವರ್ಷಗಳ ಅನುಭವ ಹೊಂದಿರುವ ಸಾಗರದ ಉದ್ಯಮವೊಂದು ಗಂಟೆಗೆ ಒಂದು ಕ್ವಿಂಟಾಲ್ ಅಡಿಕೆ ಸುಲಿಯುವ ದೇಶದ ಮೊದಲ ಸಿಂಗಲ್ ಫೇಸ್ ಯಂತ್ರವನ್ನು ಹೆಮ್ಮೆಯಿಂದ ಬಿಡುಗಡೆ ಮಾಡುತ್ತಿದೆ."

ಭಾವನಿಗೆ ತುಂಬ ಇಷ್ಟವಾಯಿತು. ಅಕ್ಕ ಗಟ್ಟಿಯಾಗಿ ಓದಿಸಿಕೊಂಡಳಂತೆ.

ಅದನ್ನು ಮೊದಲು ಓದಿದ ಹೊರಗಿನವರು ಪತ್ರಿಕೆಯೊಂದಕ್ಕೆ ತಾಲ್ಲೂಕಿನಿಂದ ಸುದ್ದಿ ಕಳಿಸುವ ಭಾವನ ಸ್ನೇಹಿತರು. ಸ್ವಲ್ಪ ತೋಟವೂ ಇರುವವರು. ಅವರೇ ನನಗೆ ಫೋನ್ ಮಾಡಿದರು.

"ಸಾರ್, ಕೊನೆಗೆ ಮೂರು ಹ್ಯಾಷ್ ಯಾಕೆ ಹಾಕಿದ್ದೀರಿ? ನಮ್ಮ ಡೆಸ್ಕಿನವರು ಫಾಂಟ್ ಹಾಳಾಗಿದೆ ಅಂತ ವಾಪಸ್ ಕಳಿಸ್ತಾರೆ."

ನಗು ಮುಗಿದ ಮೇಲೆ ಅವರು ಹೇಳಿದ್ದು ನನಗೆ ಹೊಸ ಪಾಠವಾಗಿತ್ತು. ಒಂದು ಅಂಗಡಿಯವರು ಹೊಸ ಮಾಲು ತಂದದ್ದು ನಮ್ಮ ಜಿಲ್ಲಾ ಪುಟಕ್ಕೆ ಸುದ್ದಿಯಲ್ಲ, ಜಾಹೀರಾತು. ಬೆಲೆ ಹಾಕಿದಿರೋ, ಜಾಹೀರಾತು ವಿಭಾಗದವರೇ ಭಾವನಿಗೆ ಫೋನ್ ಮಾಡುತ್ತಾರೆ. ಆದರೆ ಇಂಥ ದಿನ, ಇಂಥ ಕಡೆ ರೈತರೆದುರು ಯಂತ್ರದ ಪ್ರಾತ್ಯಕ್ಷಿಕೆ ಇದೆ ಎಂದರೆ ಅದು ಸುದ್ದಿ. ಅದಕ್ಕೆ ದಿನಾಂಕವಿದೆ, ಹೋಗಿ ನೋಡಬಹುದು. "ದೇಶದ ಮೊದಲ" ಎನ್ನುವುದನ್ನು ಅವರು ಕೇಳಲೇ ಇಲ್ಲ, ಹೊಡೆದುಹಾಕಿದರು. ಪಕ್ಕದ ತಾಲ್ಲೂಕಿನಲ್ಲಿ ಇನ್ನೊಬ್ಬ ಮಾಡಿಲ್ಲ ಎಂದು ಯಾರು ಹೇಳಬೇಕು? ಹಾಗೆ ಹಾಕಿದರೆ ಮರುದಿನ ಅವನೇ ಪತ್ರಿಕೆಗೆ ಫೋನ್ ಮಾಡುತ್ತಾನೆ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಒಂದು ಕ್ವಿಂಟಾಲ್ ಅಂದರೆ ಯಾವುದು ಸಾರ್? ಹಾಕಿದ್ದೋ, ಬಂದದ್ದೋ?"

ನಾನು ಭಾವನನ್ನು ಕೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿದ್ದು" ಅಂದ.

ಹಸಿ ಅಡಿಕೆಯ ತೂಕದಲ್ಲಿ ಹೆಚ್ಚಿನದು ಸಿಪ್ಪೆ. ನೂರು ಕೆ.ಜಿ. ಕಾಯಿ ಹಾಕಿದರೆ ಸುಲಿದ ಬೇಳೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಯಂತ್ರ ಮಾಡುವವನು ಮೇಲಿನ ಬುಟ್ಟಿಗೆ ಸುರಿದದ್ದನ್ನು ಲೆಕ್ಕ ಹಾಕುತ್ತಾನೆ. ರೈತನ ಲೆಕ್ಕ ಬೇರೆ, ಹಂಡೆಗೆ ಹೋಗುವುದೆಷ್ಟು ಎಂದು. ಅದೇ ವಾಕ್ಯವನ್ನು ಓದಿದ ರೈತ ಸಿಗುವುದಕ್ಕಿಂತ ಮೂರು ಪಟ್ಟು ಹೆಚ್ಚು ನಿರೀಕ್ಷಿಸಿ, ಸೊಸೈಟಿಯಲ್ಲಿ ಸಾಲ ಮಾಡಿ, ಸುಲಿಯುವವರಿಗೆ ಈ ವರ್ಷ ಬರಬೇಡಿ ಎಂದು ಹೇಳಿಬಿಡಬಹುದು. ಸುಳ್ಳೇನೂ ಬರೆಯದೆ ಇಷ್ಟು ಅನಾಹುತ ಮಾಡಬಹುದಿತ್ತು ನಾನು.

ಸರಿ, ಅಳೆದೇ ನೋಡೋಣ ಎಂದೆ. ಭಾವನಿಗೆ ಇದು ಅವಮಾನದಂತೆ ಅನಿಸಿರಬೇಕು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಅಕ್ಕನೇ ವಿಡಿಯೋ ಕಾಲ್ ಮಾಡಿ ಫೋನನ್ನು ಕಿಟಕಿಗೆ ಆನಿಸಿ ಇಟ್ಟಳು. 50 ಕೆ.ಜಿ. ಹಸಿ ಕಾಯಿ ತೂಗಿ ಸುರಿದರು. ಎಲ್ಲ ಮುಗಿಯಲು 31 ನಿಮಿಷ. ಬಂದದ್ದನ್ನು ಅಕ್ಕ ಗೋಣಿಯ ಮೇಲೆ ನಾಲ್ಕು ರಾಶಿ ಮಾಡಿದಳು. ಚೆನ್ನಾಗಿ ಸುಲಿದದ್ದು ಹದಿನಾಲ್ಕೂವರೆ ಕೆ.ಜಿ. ಸಿಪ್ಪೆ ಅರ್ಧ ಅಂಟಿಕೊಂಡದ್ದು ಒಂದೂವರೆ. ಬ್ಲೇಡಿನ ಪೆಟ್ಟು ಬಿದ್ದದ್ದು ಮುಕ್ಕಾಲು ಕೆ.ಜಿ. ಸುಲಿಯದೆ ಹಾಗೇ ಜಾರಿಬಂದ ಸಣ್ಣ ಕಾಯಿ ಒಂದಿಷ್ಟು. ಅಂದರೆ ಗಂಟೆಗೆ ನೂರರ ಹತ್ತಿರ ಹಾಕಬಹುದು ಎನ್ನುವುದು ನಿಜ, ಹಂಡೆಗೆ ಹೋಗುವಂಥದ್ದು ಮಾತ್ರ 28 ಕೆ.ಜಿ.

ಆ ನಾಲ್ಕು ರಾಶಿಗಳಲ್ಲಿ ಯಂತ್ರದ ಇಡೀ ಜಾತಕವಿತ್ತು. ಬ್ಲೇಡಿನ ಅಂತರವನ್ನು ದಪ್ಪ ಕಾಯಿಗೆ ಇಟ್ಟರೆ ಸಣ್ಣವು ತಪ್ಪಿಸಿಕೊಳ್ಳುತ್ತವೆ, ಸಣ್ಣದಕ್ಕೆ ಇಟ್ಟರೆ ದಪ್ಪದ್ದಕ್ಕೆ ಪೆಟ್ಟು ಬೀಳುತ್ತದೆ. ಮೊದಲೇ ಜರಡಿಯಲ್ಲಿ ಗಾತ್ರ ಬೇರೆ ಮಾಡಿಕೊಂಡರೆ ಎರಡೂ ಕಡಿಮೆ. ಇನ್ನೊಂದು ಸಲ ಕೊಯ್ದು ನಾಲ್ಕು ದಿನವಾದ ಕಾಯಿ ಹಾಕಿದರು. ಸಿಪ್ಪೆ ಬಾಡಿ ನಾರಾಗಿ, ಅರೆ ಸುಲಿದ ರಾಶಿ ದೊಡ್ಡದಾಯಿತು, ಗಂಟೆಯ ಲೆಕ್ಕ 25ಕ್ಕೆ ಇಳಿಯಿತು. ಸಂಜೆ ವೋಲ್ಟೇಜ್ ಬಿದ್ದಾಗ ಮೋಟರ್ ಗುಂಯ್ ಎಂದು ನಿಂತೇಬಿಟ್ಟಿತು. ಭಾವ ಕಿಟಕಿಯ ಹತ್ತಿರ ಬಂದು, "ಇದನ್ನೂ ಬರೀತೀಯಾ?" ಎಂದು ಕೇಳಿದ. ಬರೆಯಲಿಲ್ಲ. ಬಂದವರೆದುರು ಬಾಯಲ್ಲೇ ಹೇಳಿಬಿಡಿ ಎಂದೆ.

ಎರಡನೆಯ ಸಲ ಬರೆದದ್ದರ ಮೊದಲ ವಾಕ್ಯ: "ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಓಡುವ ಹಸಿ ಅಡಿಕೆ ಸುಲಿಯುವ ಯಂತ್ರದ ಪ್ರಾತ್ಯಕ್ಷಿಕೆ ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಸಾಗರದಲ್ಲಿ ನಡೆಯಲಿದೆ." ಎರಡನೆಯದು: "ಯಂತ್ರವು ಗಂಟೆಗೆ 25ರಿಂದ 28 ಕೆ.ಜಿ. ಸುಲಿದ ಅಡಿಕೆ ನೀಡುತ್ತದೆ. ರೈತರು ತಮ್ಮ ಕಾಯಿ ತಂದು ಪರೀಕ್ಷಿಸಬಹುದು." ಆಮೇಲೆ ಭಾವನ ಎರಡು ಮಾತು, ಕಾರ್ಖಾನೆಯ ವಿಳಾಸ, ಫೋನ್ ನಂಬರು. ಕಡೆಯ ಪ್ಯಾರಾದಲ್ಲಿ, ಇದು ಹಸಿ ಅಡಿಕೆಗೆ ಮಾತ್ರ, ಒಣಗಿಸಿದ ಚಾಲಿಗೆ ಆಗುವುದಿಲ್ಲ ಎಂಬ ಎಚ್ಚರಿಕೆ. ಎಲ್ಲ ಸೇರಿ ನೂರಿಪ್ಪತ್ತು ಪದ. ಮೊದಲ ಸಲ ನಾನೂರಿತ್ತು.

ಫೋಟೋ ಬಂದಾಗ ಎದೆ ಧಸಕ್ಕೆಂದಿತು. ಒಳಗಿನ ಕೆಲಸ ಚೆನ್ನಾಗಿ ಕಾಣಲಿ ಎಂದು ಭಾವ ಬೆಲ್ಟಿನ ಮೇಲಿನ ಕವರ್ ಬಿಚ್ಚಿಟ್ಟಿದ್ದ. ಪಕ್ಕದಲ್ಲಿ ಸೀರೆಯುಟ್ಟು ನಗುತ್ತ ನಿಂತವಳು ಅಕ್ಕ, ಸೆರಗು ಬೆಲ್ಟಿನಿಂದ ಒಂದು ಗೇಣು ದೂರ. ಕೈಪಿಡಿ ಬರೆಯುವವನ ಕಣ್ಣಿಗೆ ಮೊದಲು ಕಂಡದ್ದು ಅದು. ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ ಯಂತ್ರವನ್ನು ಹೀಗೇ ಓಡಿಸಬೇಕು ಎಂದು ಜನ ತಿಳಿಯುತ್ತಾರೆ. ಕವರ್ ಹಾಕಿ, ಸೆರಗು ಸಿಕ್ಕಿಸಿ, ಇನ್ನೊಮ್ಮೆ ತೆಗೆಸಿದೆ. ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ಅಚ್ಚಿನಲ್ಲಿ ಮಸಿಮಸಿಯಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ ಎಂದು ಹೇಳಿದವರು ಆ ಸುದ್ದಿಮಿತ್ರರೇ.

ಅಕ್ಷರದ ಕಷ್ಟವೂ ಇತ್ತು. ನಾನು ಯುನಿಕೋಡಿನಲ್ಲಿ ಬರೆದದ್ದು. ಅಲ್ಲಿಯ ಪುಟವಿನ್ಯಾಸ ಹಳೆಯ ನುಡಿ ಫಾಂಟಿನದು. ಬದಲಾಯಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತು, "ಕಾರ್ಯ" ಓದಲು ಬಾರದಂತಾಯಿತು. ಅಕ್ಷರ ಕೆಟ್ಟರೆ ಯಾರಾದರೂ ತಿದ್ದುತ್ತಾರೆ, ಅಂಕಿ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಜೊತೆಗೆ ಒಂದು ಪಿಡಿಎಫ್ ಕಳಿಸಿ, ಫೋನ್ ನಂಬರನ್ನೂ 25–28ನ್ನೂ ಅದರೊಡನೆ ತಾಳೆ ನೋಡಿ ಎಂದು ಕೇಳಿಕೊಂಡೆ. ನೋಡಿದರು. ಅಂಕಿಗಳು ಸರಿಯಾಗಿಯೇ ಬಂದವು.

ಶುಕ್ರವಾರ ಜಿಲ್ಲಾ ಪುಟದಲ್ಲಿ, ಒಂದು ಸಂಘದ ವಾರ್ಷಿಕ ಸಭೆಯ ಕೆಳಗೆ ಸುದ್ದಿ ಬಂತು. ಅಕ್ಕ ಕತ್ತರಿಸಿ ಫೋಟೋ ಕಳಿಸಿದಳು. ಓದುತ್ತ ಹೋದೆ. ಮೊದಲ ವಾಕ್ಯ ಇದೆ, 28 ಇದೆ, ಫೋನ್ ನಂಬರು ಇದೆ. ಆಮೇಲೆ "ಎಂದು ಪ್ರಕಟಣೆ ತಿಳಿಸಿದೆ", ಅಲ್ಲಿಗೆ ಮುಗಿಯಿತು. ಜಾಗ ಸಾಲದೆ ಕೆಳಗಿನ ಪ್ಯಾರಾ ಹೋಗಿತ್ತು. ಪತ್ರಿಕೆಯವರು ಕತ್ತರಿಸುವುದು ಕೆಳಗಿನಿಂದಲೇ, ಎಲ್ಲ ದೇಶದಲ್ಲೂ. ಇದು ನನಗೆ ಗೊತ್ತಿಲ್ಲದ್ದಲ್ಲ. ಅಮೆರಿಕದಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಮಾತು.

ಭಾನುವಾರ ಹೆಚ್ಚುಕಡಿಮೆ ನಲವತ್ತು ಜನ ಬಂದರಂತೆ. ಸಿದ್ದಾಪುರದ ಕಡೆಯ ಹಿರಿಯರೊಬ್ಬರು ಬಸ್ಸಿನಲ್ಲಿ ಒಂದು ಚೀಲ ಚಾಲಿ ಹೊತ್ತು ತಂದಿದ್ದರು. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿ ಮುಂಗಡವನ್ನೂ ಕಳಿಸಿದ್ದರು. ಹಸಿಯೋ ಒಣಗಿದ್ದೋ ಎಂದು ಭಾವ ಕೇಳಿರಲಿಲ್ಲ, ಪೇಪರಿನಲ್ಲಿ ಇದೆಯಲ್ಲ ಎಂದುಕೊಂಡಿದ್ದ. ಅವರು ಹಟ ಮಾಡಿದರೆಂದು ಎರಡು ಸೇರು ಹಾಕಿ ನೋಡಿದರು. ಒಣ ಸಿಪ್ಪೆ ಬ್ಲೇಡಿಗೆ ಸಿಗಲಿಲ್ಲ, ಒಳಗಿನ ಅಡಿಕೆ ಹೋಳಾಗಿ ಸಿಡಿಯಿತು. ಭಾವ ಮುಂಗಡ ವಾಪಸ್ ಕೊಟ್ಟು, ಒಡೆದ ಅಡಿಕೆಗೆ ಮಾರುಕಟ್ಟೆ ದರ ಲೆಕ್ಕ ಹಾಕಿ ಕೊಟ್ಟು, ಊಟ ಮಾಡಿಸಿ ಬಸ್ಸು ಹತ್ತಿಸಿದ. ಅವರು ಸಿಟ್ಟಾಗಲಿಲ್ಲವಂತೆ. "ಪೇಪರಿನಲ್ಲಿ ಒಂದು ಮಾತು ಹಾಕಬಹುದಿತ್ತು ನೀವು" ಎಂದಷ್ಟೇ ಅಂದರಂತೆ. ಹಾಕಿತ್ತು ಎಂದು ಭಾವ ಹೇಳಲಿಲ್ಲ. ನನಗೂ ಇದನ್ನು ಹೇಳಿದವಳು ಅಕ್ಕ.

ಈ ವರ್ಷ ಜರಡಿ ಸೇರಿಸಿದ ಹೊಸ ಮಾಡೆಲ್ ಬಂದಿದೆ. ಪ್ರೆಸ್ ನೋಟನ್ನು ಭಾವನೇ ಬರೆದು, ನೋಡು ಎಂದು ನನಗೆ ಕಳಿಸಿದ. "ಹಸಿ ಅಡಿಕೆಗೆ ಮಾತ್ರ ಬಳಸಬಹುದಾದ, ಚಾಲಿಗೆ ಆಗದ ಸುಲಿಯುವ ಯಂತ್ರದ ಪ್ರಾತ್ಯಕ್ಷಿಕೆ" ಎಂದು ಶುರುವಾಗುತ್ತದೆ. "ಪ್ರಾತ್ಯಕ್ಷಿಕೆ"ಯ ಒತ್ತಕ್ಷರವೊಂದು ತಪ್ಪಿತ್ತು. ತಿದ್ದಿ ಕಳಿಸಿದೆ.